ಮೂತ್ರದಲ್ಲಿ ಅಲ್ಬುಮಿನ್: ಆ ರಿಪೋರ್ಟನ್ನು ಓದುವುದು ಹೇಗೆ?

ಎರಡು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ತಾಯಿ ಮತ್ತು ಮಗ ನನ್ನ ಕ್ಲಿನಿಕ್‌ಗೆ ಬಂದಿದ್ದರು. ತಾಯಿಗೆ 54 ವರ್ಷ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಊರಿನಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಮಾಡಿಸಿದ ಮೂತ್ರ ಪರೀಕ್ಷೆಯ ರಿಪೋರ್ಟ್ ಮಗನ ಕೈಯಲ್ಲಿತ್ತು. ತಾಯಿ ಕುರ್ಚಿಯಲ್ಲಿ ಕೂತವರೇ ಅಳಲು ಶುರು ಮಾಡಿದರು.

"ಡಾಕ್ಟ್ರೇ, ನಮ್ಮ ಪಕ್ಕದ ಮನೆಯ ಕಾಕನಿಗೆ ಕ್ರಿಯಾಟಿನಿನ್ 8 ಆದಾಗ ಡಯಾಲಿಸಿಸ್ ಶುರು ಮಾಡಿದ್ರು. ಉಮ್ಮನಿಗೆ 64 ಇದೆ. ಇನ್ನು ಏನು ಮಾಡ್ಲಿಕ್ಕೆ ಆಗ್ತದೆ?" ಎಂದು ಮಗ ಕೇಳಿದ.

ರಿಪೋರ್ಟಿನಲ್ಲಿ ಮೂರು ಸಾಲುಗಳಿದ್ದವು. ಮೂತ್ರದ ಅಲ್ಬುಮಿನ್, ಲೀಟರಿಗೆ 91 ಮಿ.ಗ್ರಾಂ. ಮೂತ್ರದ ಕ್ರಿಯಾಟಿನಿನ್, ಡೆಸಿಲೀಟರಿಗೆ 64 ಮಿ.ಗ್ರಾಂ. ಕೊನೆಯ ಸಾಲಿನಲ್ಲಿ ಇವೆರಡರ ಅನುಪಾತ, 142. ಅದರ ಮುಂದೆ ಲ್ಯಾಬಿನವರು ದಪ್ಪ ಅಕ್ಷರದಲ್ಲಿ 'ಹೆಚ್ಚು' ಎಂದು ಮುದ್ರಿಸಿದ್ದರು. ತಾಯಿ ಮತ್ತು ಮಗ ಇಬ್ಬರೂ ಹೆದರಿದ್ದು ನಡುವಿನ ಸಾಲಿಗೆ. ಈ ಮೂರರಲ್ಲಿ ಹೆದರಬೇಕಾದ ಅಗತ್ಯವೇ ಇಲ್ಲದ ಸಾಲು ಅದೊಂದೇ.

ಈ ಗೊಂದಲವನ್ನು ನಾನು ಆಗಾಗ ನೋಡುತ್ತಿರುತ್ತೇನೆ. ಆದ್ದರಿಂದ ಮೊದಲು ಇದನ್ನೇ ಬಿಡಿಸಿ ಹೇಳುತ್ತೇನೆ. ಕ್ರಿಯಾಟಿನಿನ್ ಎಂಬುದು ನಮ್ಮ ಸ್ನಾಯುಗಳು ದಿನವೂ ಉತ್ಪಾದಿಸುವ ಒಂದು ತ್ಯಾಜ್ಯ. ಮೂತ್ರಪಿಂಡ ಅದನ್ನು ರಕ್ತದಿಂದ ತೆಗೆದು ಮೂತ್ರದ ಮೂಲಕ ಹೊರಗೆ ಹಾಕುತ್ತದೆ. ಕೆಲಸ ಸರಿಯಾಗಿ ನಡೆಯುತ್ತಿದ್ದರೆ ರಕ್ತದಲ್ಲಿ ಅದು ಒಂದರ ಆಸುಪಾಸಿನಲ್ಲಿ ಉಳಿಯುತ್ತದೆ, ಮೂತ್ರದಲ್ಲಿ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಪಕ್ಕದ ಮನೆಯ ಕಾಕನ 8 ರಕ್ತದ್ದು. ಈ ತಾಯಿಯ 64 ಮೂತ್ರದ್ದು. ಕಸ ಮನೆಯೊಳಗೆ ಬಿದ್ದಿರುವುದಕ್ಕೂ ಹೊರಗಿನ ತೊಟ್ಟಿಯಲ್ಲಿರುವುದಕ್ಕೂ ಇರುವ ವ್ಯತ್ಯಾಸ ಇದು. ಅವರ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದಾಗ 0.8 ಬಂತು. 54ರ ಹರೆಯದ ಮಹಿಳೆಗೆ ಆ ಲೆಕ್ಕದಲ್ಲಿ ಮೂತ್ರಪಿಂಡದ ಸೋಸುವ ಶಕ್ತಿ, ಅಂದರೆ ರಿಪೋರ್ಟಿನಲ್ಲಿ ಇಜಿಎಫ್ಆರ್ ಎಂದು ಬರೆಯುವ ಸಂಖ್ಯೆ, 87ರಷ್ಟಾಗುತ್ತದೆ. ಅದು ಒಳ್ಳೆಯ ಸಂಖ್ಯೆಯೇ.

"ಹಾಗಾದ್ರೆ ಏನೂ ಇಲ್ಲ ಅಲ್ವಾ?" ಎಂದು ಮಗ ತಕ್ಷಣ ಎದ್ದು ನಿಂತ. ಅದೂ ತಪ್ಪೇ. ಮೂರನೆಯ ಸಾಲು ಇನ್ನೂ ಹಾಗೆಯೇ ಇತ್ತಲ್ಲ.

ಅಲ್ಬುಮಿನ್ ನಮ್ಮ ರಕ್ತದಲ್ಲಿರುವ ಮುಖ್ಯ ಪ್ರೋಟೀನ್. ಒಂದು ಲೀಟರ್ ರಕ್ತದ್ರವದಲ್ಲಿ ಸುಮಾರು 40 ಗ್ರಾಂನಷ್ಟು ಇರುತ್ತದೆ. ನಮ್ಮ ಎರಡು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುಪಾಲು ನೀರು ಮತ್ತೆ ರಕ್ತಕ್ಕೆ ಮರಳುತ್ತದೆ, ಒಂದೂವರೆ ಎರಡು ಲೀಟರ್ ಮೂತ್ರವಾಗಿ ಹೊರಬರುತ್ತದೆ. ಇಷ್ಟೆಲ್ಲ ಸೋಸಿದರೂ ಆರೋಗ್ಯವಂತರ ಮೂತ್ರದಲ್ಲಿ ಇಡೀ ದಿನಕ್ಕೆ ಹೋಗುವ ಅಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ. ಅಂದರೆ ಒಂದು ಚಿಟಿಕೆ ಉಪ್ಪಿನಷ್ಟೂ ಇಲ್ಲ. ಜರಡಿ ಅಷ್ಟು ಬಿಗಿಯಾಗಿದೆ. ಹಲವಾರು ವರ್ಷ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ, ಜೊತೆಗೆ ರಕ್ತದೊತ್ತಡವೂ ಇದ್ದರೆ, ಆ ಜರಡಿಯ ಒಳಗಿನ ಒತ್ತಡ ಏರುತ್ತದೆ, ಅದರ ಗೋಡೆ ಕೆಡುತ್ತದೆ ಮತ್ತು ಅಲ್ಬುಮಿನ್ ಸ್ವಲ್ಪ ಸ್ವಲ್ಪವಾಗಿ ಸೋರಲು ತೊಡಗುತ್ತದೆ. ಕಸ ಹೊರಹಾಕುವ ಕೆಲಸ ಆಗಲೂ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಆದ್ದರಿಂದ ರಕ್ತದ ಕ್ರಿಯಾಟಿನಿನ್ ನಾರ್ಮಲ್ ಬರುತ್ತದೆ. ಮೈಕೈ ಊತವಿಲ್ಲ, ನೋವಿಲ್ಲ, ಮೂತ್ರದ ಬಣ್ಣದಲ್ಲಿ ಬದಲಾವಣೆಯಿಲ್ಲ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಅದ್ದುವ ಬಣ್ಣದ ಪಟ್ಟಿಯೂ ಇಷ್ಟು ಕಡಿಮೆ ಪ್ರಮಾಣವನ್ನು ಹೆಚ್ಚಾಗಿ ಹಿಡಿಯುವುದಿಲ್ಲ. ಅದರಲ್ಲಿ 'ಅಲ್ಬುಮಿನ್ ಇಲ್ಲ' ಎಂದು ಬಂದಿದೆಯೆಂದು ಈ ಅನುಪಾತದ ಪರೀಕ್ಷೆಯನ್ನು ಬಿಡುವುದು ಸರಿಯಲ್ಲ.

ನಮ್ಮ ಯುನಾನಿ ವೈದ್ಯರು ಕಾರೂರಾ, ಅಂದರೆ ಗಾಜಿನ ಪಾತ್ರೆಯಲ್ಲಿ ಮೂತ್ರ ತೆಗೆದು ಅದರ ಬಣ್ಣ, ವಾಸನೆ, ನೊರೆ, ಗಷ್ಟಿಗಳನ್ನು ನೋಡುವ ವಿದ್ಯೆಯನ್ನು ಬಹಳ ಎತ್ತರಕ್ಕೆ ಕೊಂಡೊಯ್ದಿದ್ದರು. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನಲ್ಲಿ ಇದಕ್ಕೆಂದೇ ಅಧ್ಯಾಯಗಳನ್ನು ಮೀಸಲಿಟ್ಟಿದ್ದಾರೆ. ನಾನೂ ಅದನ್ನು ಓದಿ ಪದವಿ ಪಡೆದವನು. ಆದರೆ ಈ ಹಂತದ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ನಾನು ಒಪ್ಪಲೇಬೇಕು. ನೊರೆ ಎದ್ದು ಕಾಣುವಷ್ಟು ಪ್ರೋಟೀನ್ ಹೋಗುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಸರಿ, ಅಲ್ಬುಮಿನ್ ಅಳೆದರೆ ಸಾಕಲ್ಲ, ಅದನ್ನು ಕ್ರಿಯಾಟಿನಿನ್‌ನಿಂದ ಭಾಗಿಸುವುದು ಏಕೆ? ನೀವು ಎರಡು ಲೋಟ ನೀರು ಕುಡಿದು ಹೋದರೆ ಮೂತ್ರ ತೆಳುವಾಗುತ್ತದೆ, ಲೀಟರಿಗೆ ಸಿಗುವ ಅಲ್ಬುಮಿನ್ ಕಡಿಮೆ ಕಾಣುತ್ತದೆ. ನೀರು ಕುಡಿಯದೆ ಹೋದರೆ ಮೂತ್ರ ಗಟ್ಟಿಯಾಗುತ್ತದೆ, ಅಲ್ಬುಮಿನ್ ಹೆಚ್ಚು ಕಾಣುತ್ತದೆ. ಕ್ರಿಯಾಟಿನಿನ್ ದಿನವಿಡೀ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೊರಹೋಗುವುದರಿಂದ ಅದೂ ಅದೇ ಪ್ರಮಾಣದಲ್ಲಿ ತೆಳುವಾಗುತ್ತದೆ ಅಥವಾ ಗಟ್ಟಿಯಾಗುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನೀರಿನ ಲೆಕ್ಕ ಬಿದ್ದುಹೋಗುತ್ತದೆ.

ಈ ತಾಯಿಯ ಉದಾಹರಣೆಯನ್ನೇ ನೋಡಿ. ಡೆಸಿಲೀಟರಿಗೆ 64 ಮಿ.ಗ್ರಾಂ ಎಂದರೆ ಲೀಟರಿಗೆ 0.64 ಗ್ರಾಂ ಕ್ರಿಯಾಟಿನಿನ್. 91ನ್ನು 0.64ರಿಂದ ಭಾಗಿಸಿದರೆ 142. ಅಂದರೆ ಒಂದು ಗ್ರಾಂ ಕ್ರಿಯಾಟಿನಿನ್ ಹೊರಹೋಗುವಾಗ ಅದರ ಜೊತೆ 142 ಮಿಲಿಗ್ರಾಂ ಅಲ್ಬುಮಿನ್ ಹೋಗುತ್ತಿದೆ. ಈ ಅನುಪಾತ 30ಕ್ಕಿಂತ ಕಡಿಮೆ ಇದ್ದರೆ ಸಹಜ. 30ರಿಂದ 300ರವರೆಗೆ ಇದ್ದರೆ ಮಧ್ಯಮ ಪ್ರಮಾಣದ ಏರಿಕೆ, ಹಿಂದೆ ಇದನ್ನು ಮೈಕ್ರೋ ಅಲ್ಬುಮಿನ್ ಎನ್ನುತ್ತಿದ್ದರು. ಈಗಲೂ ಹಲವು ಲ್ಯಾಬುಗಳ ರಿಪೋರ್ಟಿನಲ್ಲಿ ಆ ಹೆಸರೇ ಇರುತ್ತದೆ. 300 ದಾಟಿದರೆ ತೀವ್ರ ಏರಿಕೆ. ಕೆಲವು ಲ್ಯಾಬುಗಳು, ವಿಶೇಷವಾಗಿ ವಿದೇಶದವು, ಮಿ.ಗ್ರಾಂ/ಮಿಲಿಮೋಲ್ ಎಂಬ ಬೇರೆ ಅಳತೆಯಲ್ಲಿ ಕೊಡುತ್ತವೆ. ಅದರಲ್ಲಿ ಗಡಿಗಳು ಸುಮಾರು 3 ಮತ್ತು 30. ಗಲ್ಫ್‌ನಲ್ಲಿ ಮಾಡಿಸಿದ ರಿಪೋರ್ಟಿನಲ್ಲಿ 12 ಎಂದಿದ್ದು ಊರಿನ ರಿಪೋರ್ಟಿನಲ್ಲಿ 110 ಎಂದು ಬಂದರೆ ಕಾಯಿಲೆ ಒಂಬತ್ತು ಪಟ್ಟು ಏರಿದೆಯೆಂದು ಗಾಬರಿಯಾಗುವ ಮೊದಲು ಸಂಖ್ಯೆಯ ಪಕ್ಕದ ಅಳತೆಯನ್ನು ಓದಿ. ಅವೆರಡೂ ಹೆಚ್ಚುಕಡಿಮೆ ಒಂದೇ.

ಆ ಸಂಜೆ ನಾನು ತಾಯಿಯನ್ನು ಕೇಳಿದೆ: "ಶಿಬಿರಕ್ಕೆ ಹೋದಾಗ ಹುಷಾರಿದ್ರಾ?" ಇಲ್ಲವಂತೆ. ಎರಡು ದಿನ ಮೊದಲಿನಿಂದ ಉರಿಮೂತ್ರ, ಚಳಿಜ್ವರ. ಅಂದ ಮೇಲೆ ಆ 142ನ್ನು ನಂಬುವಂತಿಲ್ಲ. ಮೂತ್ರದ ಸೋಂಕು, ಜ್ವರ, ಹಿಂದಿನ ದಿನದ ಕಠಿಣ ದೈಹಿಕ ಶ್ರಮ, ಮುಟ್ಟಿನ ದಿನಗಳು, ರಕ್ತದಲ್ಲಿ ಸಕ್ಕರೆ ಅಥವಾ ಒತ್ತಡ ವಿಪರೀತ ಏರಿರುವುದು, ಹೃದಯದ ದೌರ್ಬಲ್ಯದಿಂದ ನೀರು ತುಂಬಿರುವುದು, ಇವೆಲ್ಲ ಜರಡಿಗೆ ಶಾಶ್ವತ ಹಾನಿಯಾಗದಿದ್ದರೂ ಸಂಖ್ಯೆಯನ್ನು ಏರಿಸಬಲ್ಲವು. ಏನೂ ಕಾರಣವಿಲ್ಲದೆಯೂ ಒಬ್ಬರದೇ ಸಂಖ್ಯೆ ದಿನದಿಂದ ದಿನಕ್ಕೆ ಸಾಕಷ್ಟು ಹೆಚ್ಚುಕಡಿಮೆಯಾಗುತ್ತದೆ. ಹಾಗಾಗಿ ಮೂರರಿಂದ ಆರು ತಿಂಗಳ ಒಳಗೆ ಮಾಡಿದ ಮೂರು ಪರೀಕ್ಷೆಗಳಲ್ಲಿ ಎರಡರಲ್ಲಾದರೂ 30 ದಾಟಿದ್ದರೆ ಮಾತ್ರ ಅದನ್ನು ನಿಜವಾದ ಸೋರಿಕೆ ಎನ್ನುತ್ತೇವೆ.

ಸೋಂಕಿಗೆ ಚಿಕಿತ್ಸೆಯಾಗಿ ಮೂರು ವಾರ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಲು ಹೇಳಿದೆ. ಬೆಳಗಿನ ಮೊದಲ ಮೂತ್ರವೇ ಒಳ್ಳೆಯದು. ರಾತ್ರಿ ಮಲಗಿದ್ದಾಗ ದೇಹ ವಿಶ್ರಾಂತಿಯಲ್ಲಿರುವುದರಿಂದ ಆ ಸಂಖ್ಯೆ ಹೆಚ್ಚು ಸ್ಥಿರ. ಫಜ್ರ್ ನಮಾಝಿಗೆ ಎದ್ದಾಗ ಮೊದಲು ಸ್ವಚ್ಛಗೊಳಿಸಿಕೊಂಡು, ಆರಂಭದ ಸ್ವಲ್ಪ ಬಿಟ್ಟು, ನಡುವಿನ ಮೂತ್ರವನ್ನು ಲ್ಯಾಬಿನವರು ಕೊಟ್ಟ ಡಬ್ಬದಲ್ಲಿ ಹಿಡಿದು, ಆ ಬೆಳಿಗ್ಗೆಯೇ ತಲುಪಿಸಬೇಕು. ಖಾಲಿ ಹೊಟ್ಟೆ ಬೇಕಿಲ್ಲ. 24 ಗಂಟೆಯ ಮೂತ್ರ ಸಂಗ್ರಹಿಸುವ ಹಳೆಯ ಕಷ್ಟವೂ ಇಲ್ಲ.

ಎರಡನೆಯ ರಿಪೋರ್ಟಿನಲ್ಲಿ ಅಲ್ಬುಮಿನ್ 106, ಕ್ರಿಯಾಟಿನಿನ್ 120. "ಎರಡೂ ಜಾಸ್ತಿ ಆಗಿದೆ" ಎಂದ ಮಗ. ಲೆಕ್ಕ ಹಾಕಿ ನೋಡಿ: 106ನ್ನು 1.2ರಿಂದ ಭಾಗಿಸಿದರೆ 88. ಬೆಳಗಿನ ಮೂತ್ರ ಗಟ್ಟಿಯಾಗಿತ್ತು, ಅಷ್ಟೇ. ಅನುಪಾತ ಇಳಿದಿತ್ತು. ಎರಡು ತಿಂಗಳ ನಂತರ ಮೂರನೆಯ ಸಲ 76 ಬಂತು. 88ರಿಂದ 76ಕ್ಕೆ ಇಳಿದದ್ದನ್ನು ಸುಧಾರಣೆ ಎಂದುಕೊಳ್ಳಬೇಡಿ, ಅದು ದಿನದಿಂದ ದಿನಕ್ಕೆ ಆಗುವ ಸಹಜ ಏರಿಳಿತವೇ. ಆದರೆ ಸೋಂಕಿಲ್ಲದ ದಿನಗಳಲ್ಲಿ ಎರಡು ಬಾರಿಯೂ 30 ದಾಟಿದ್ದರಿಂದ ಸೋರಿಕೆ ಇರುವುದು ಖಚಿತವಾಯಿತು. ಈ ನಡುವೆ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಿದ್ದೆ. ಅಕ್ಷಿಪಟಲದಲ್ಲಿ ಸಕ್ಕರೆ ಕಾಯಿಲೆಯ ಆರಂಭದ ಗುರುತುಗಳು ಕಂಡಿದ್ದವು. ಕಣ್ಣಿನ ಸಣ್ಣ ರಕ್ತನಾಳಗಳೂ ಮೂತ್ರಪಿಂಡದ ಜರಡಿಯೂ ಹೆಚ್ಚಾಗಿ ಜೊತೆಜೊತೆಯಾಗಿ ಕೆಡುತ್ತವೆ. ಹಾಗಾಗಿ ಸೋರಿಕೆಗೆ ಸಕ್ಕರೆ ಕಾಯಿಲೆಯೇ ಕಾರಣ ಎಂಬುದಕ್ಕೆ ಅದು ಬೆಂಬಲವಾಯಿತು. ಕಣ್ಣು ಪೂರ್ತಿ ಚೆನ್ನಾಗಿದ್ದು ಮೂತ್ರದಲ್ಲಿ ರಕ್ತಕಣಗಳೂ ಇದ್ದರೆ, ಅಥವಾ ಅನುಪಾತ ಕೆಲವೇ ತಿಂಗಳಲ್ಲಿ ಹಠಾತ್ತನೆ ಹಾರಿದರೆ, ಸಕ್ಕರೆಯ ಮೇಲೆ ತಪ್ಪು ಹೊರಿಸಿ ಸುಮ್ಮನಿರದೆ ಬೇರೆ ಕಾಯಿಲೆಯೇನಾದರೂ ಇದೆಯೇ ಎಂದು ಮೂತ್ರಪಿಂಡ ತಜ್ಞರು ಹುಡುಕಬೇಕಾಗುತ್ತದೆ.

ಹಾಗಾದರೆ 76 ಅಥವಾ 88 ಎಂಬುದರ ಅರ್ಥವೇನು? ಮೂತ್ರಪಿಂಡ ಹಾಳಾಗಿದೆ ಎಂದಲ್ಲ. ಡಯಾಲಿಸಿಸ್ ಇಷ್ಟು ವರ್ಷದಲ್ಲಿ ಬರುತ್ತದೆ ಎಂದೂ ಅಲ್ಲ. ಈ ಹಂತದಲ್ಲಿರುವ ಬಹಳ ಜನ ಆ ಸ್ಥಿತಿಗೆ ತಲುಪುವುದೇ ಇಲ್ಲ, ಕೆಲವರಲ್ಲಿ ಸಂಖ್ಯೆ ಮತ್ತೆ 30ರ ಕೆಳಗೆ ಬರುವುದೂ ಉಂಟು. ಅದು ಹೇಳುವುದು ಎರಡು ಮಾತು. ಜರಡಿಗೆ ಪೆಟ್ಟು ಬಿದ್ದಿದೆ, ಹೀಗೆಯೇ ಬಿಟ್ಟರೆ ಸೋಸುವ ಶಕ್ತಿ ಇಳಿಯುವ ಸಂಭವ ಹೆಚ್ಚು. ಮತ್ತೊಂದು ಮಾತನ್ನು ರೋಗಿಗಳು ಕೇಳಿಸಿಕೊಳ್ಳುವುದೇ ಇಲ್ಲ: ಅಲ್ಬುಮಿನ್ ಸೋರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಆದದ್ದು ದೇಹದ ಉಳಿದ ನಾಳಗಳಲ್ಲೂ ಆಗುತ್ತಿರುತ್ತದೆ. ಈ ತಾಯಿ ಡಯಾಲಿಸಿಸ್‌ಗೆ ಹೆದರಿ ಅಳುತ್ತಿದ್ದರು. ನನಗೆ ಅದಕ್ಕಿಂತ ಹೆಚ್ಚು ಚಿಂತೆಯಾದದ್ದು ಅವರ ರಕ್ತದೊತ್ತಡ. 146/88 ಇತ್ತು, ಅವರಿಗೆ ಅದು ಗೊತ್ತೇ ಇರಲಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.1.

"ನಿಮ್ಮಲ್ಲಿ ಕಿಡ್ನಿ ಕ್ಲೀನ್ ಮಾಡುವ ಕುಷ್ತಾ ಇದೆಯಂತೆ, ಅದನ್ನು ಕೊಡಿ. ಇಂಗ್ಲಿಷ್ ಮಾತ್ರೆ ಬೇಡ" ಎಂದರು ತಾಯಿ. ನಾನು ಕೊಡಲಿಲ್ಲ. ಕುಷ್ತಾ ಎಂದರೆ ಲೋಹ ಅಥವಾ ಖನಿಜವನ್ನು ಸುಟ್ಟು ಮಾಡಿದ ಭಸ್ಮ. ಜರಡಿ ಸೋರುತ್ತಿರುವವರಿಗೆ ಅದನ್ನು ಕೊಡುವ ಧೈರ್ಯ ನನಗಿಲ್ಲ. ತೂಕ ಮಾಡಿ ಪೊಟ್ಟಣ ಕಟ್ಟಿ ಕೊಡುವ, ಒಳಗೇನಿದೆ ಎಂದು ಹೇಳದ ಪುಡಿಗಳ ಬಗ್ಗೆಯೂ ಇದೇ ಮಾತು. ನಮ್ಮ ಹಳೆಯ ಗ್ರಂಥಗಳಲ್ಲಿ ಝರಾವಂದ್ ಎಂಬ ಮೂಲಿಕೆ ಬರುತ್ತದೆ. ಅದು ಅರಿಸ್ಟೊಲೋಕಿಯ ಜಾತಿಯ ಗಿಡ. ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನು ನಾಶಮಾಡುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ ಎಂಬುದು ಇಂದು ದೃಢಪಟ್ಟ ವಿಷಯ. ಗಿಡಮೂಲಿಕೆಯಾದ್ದರಿಂದ ತೊಂದರೆಯಿಲ್ಲ ಎಂಬ ನಂಬಿಕೆಯನ್ನು ಯುನಾನಿ ವೈದ್ಯನಾದ ನಾನೇ ಒಪ್ಪುವುದಿಲ್ಲ. ಆಹಾರ, ನಡಿಗೆ, ನಿದ್ರೆಯ ವಿಷಯದಲ್ಲಿ ನಾನು ನೋಡಿಕೊಳ್ಳುತ್ತೇನೆ, ಸೋರಿಕೆಗೆ ಫಿಸಿಶಿಯನ್ ಬಳಿ ಹೋಗಲೇಬೇಕು ಎಂದು ಪತ್ರ ಬರೆದುಕೊಟ್ಟೆ.

ಫಿಸಿಶಿಯನ್ ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ ಶುರು ಮಾಡಿದರು. ಲೋಸಾರ್ಟಾನ್, ರಾಮಿಪ್ರಿಲ್, ಎನಾಲಾಪ್ರಿಲ್ ಕೂಡ ಇದೇ ಕೆಲಸದ ಮಾತ್ರೆಗಳು. ಇವು ರಕ್ತದೊತ್ತಡ ಇಳಿಸುವುದು ಮಾತ್ರವಲ್ಲ, ಜರಡಿಯೊಳಗಿನ ಒತ್ತಡವನ್ನೇ ತಗ್ಗಿಸುತ್ತವೆ. ಸೋರಿಕೆ ಕಡಿಮೆಯಾಗುವುದು ಅದರಿಂದ. ಶುರು ಮಾಡಿದ ಎರಡರಿಂದ ನಾಲ್ಕು ವಾರದೊಳಗೆ ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ನೋಡಬೇಕು. ಒತ್ತಡ ತಗ್ಗಿದಾಗ ಕ್ರಿಯಾಟಿನಿನ್ ತುಸು ಏರುವುದು ಸಹಜ. ಶೇಕಡಾ 30ರ ಒಳಗಿನ ಏರಿಕೆಗೆ ಮಾತ್ರೆ ನಿಲ್ಲಿಸಬೇಕಾಗಿಲ್ಲ. ಈ ತಾಯಿಯದು 0.8ರಿಂದ 0.9 ಆಯಿತು. ಗರ್ಭಿಣಿಯರು ಮತ್ತು ಮಗುವಿನ ನಿರೀಕ್ಷೆಯಲ್ಲಿರುವವರು ಈ ಮಾತ್ರೆಗಳನ್ನು ತೆಗೆದುಕೊಳ್ಳುವಂತಿಲ್ಲ. ಸಣ್ಣ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದಿರುವ ಹೆಣ್ಣುಮಕ್ಕಳು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಮನೆಯಲ್ಲಿ ಬದಲಾದದ್ದು ಮುಖ್ಯವಾಗಿ ಎರಡು. ಒಣಮೀನು, ಉಪ್ಪಿನಕಾಯಿ, ಹಪ್ಪಳಗಳನ್ನು ದಿನವೂ ಊಟದ ಜೊತೆ ಇಡುವುದು ನಿಂತಿತು. ಉಪ್ಪು ಹೆಚ್ಚು ತಿನ್ನುವವರಲ್ಲಿ ಈ ಮಾತ್ರೆಗಳ ಅರ್ಧ ಶ್ರಮ ನೀರುಪಾಲಾಗುತ್ತದೆ. ಇಡೀ ದಿನದ ಅಡುಗೆಗೆ ಒಬ್ಬರಿಗೆ ಒಂದು ಚಹಾ ಚಮಚದಷ್ಟು ಉಪ್ಪಿನ ಒಳಗೇ ಇರಬೇಕು. ಇನ್ನೊಂದು, ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ತಂದು ನುಂಗುತ್ತಿದ್ದ ಡೈಕ್ಲೋಫೆನಾಕ್ ಮಾತ್ರೆ. ಅದು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಹಚ್ಚುವ ಎಣ್ಣೆ ಮತ್ತು ಶಾಖಕ್ಕೆ ಅವರು ಒಪ್ಪಿದರು.

ನಾಲ್ಕು ತಿಂಗಳಲ್ಲಿ ಅನುಪಾತ 41ಕ್ಕೆ ಬಂತು, ರಕ್ತದೊತ್ತಡ 128/78. ನನಗೂ ಖುಷಿಯಾಯಿತು. ಮತ್ತೆ ಅವರು ಬಂದದ್ದು ಐದು ತಿಂಗಳ ಬಳಿಕ, ಅನುಪಾತ 97. ಕಾರಣ ಕೇಳಿದಾಗ ಮಗ ತಲೆ ತಗ್ಗಿಸಿದ. ಮದುವೆ ಮನೆಯಲ್ಲಿ ಯಾರೋ ಸಂಬಂಧಿಕರು "ಬಿಪಿ ಮಾತ್ರೆ ತಿಂದ್ರೆ ಕಿಡ್ನಿ ಹೋಗ್ತದೆ" ಎಂದಿದ್ದರು. ಒತ್ತಡವೂ ಸರಿಯಾಗಿದೆಯಲ್ಲ ಎಂದು ತಾಯಿ ನಿಲ್ಲಿಸಿದ್ದರು. ಮಾತ್ರೆಯ ಕೆಲಸದಿಂದಲೇ ಒತ್ತಡ ಸರಿಯಾಗಿದ್ದದ್ದು, ನಿಲ್ಲಿಸಿದರೆ ಜರಡಿಯೊಳಗಿನ ಒತ್ತಡ ಮತ್ತೆ ಏರುತ್ತದೆ. ಇದನ್ನು ಮೊದಲ ದಿನವೇ ನಾನು ಬಿಡಿಸಿ ಹೇಳಬೇಕಿತ್ತು. ಹೇಳಿರಲಿಲ್ಲ. ಫಿಸಿಶಿಯನ್ ಮಾತ್ರೆಯನ್ನು ಮತ್ತೆ ಶುರು ಮಾಡಿದರು, ಜೊತೆಗೆ ಡಾಪಾಗ್ಲಿಫ್ಲೋಜಿನ್ ಸೇರಿಸಿದರು. ಇದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಮಾತ್ರೆ, ಮೂತ್ರಪಿಂಡವನ್ನೂ ಹೃದಯವನ್ನೂ ಕಾಪಾಡುತ್ತದೆ. ಮೂತ್ರದಲ್ಲಿ ಸಕ್ಕರೆ ಇರುವುದರಿಂದ ಗುಪ್ತಾಂಗದಲ್ಲಿ ಶಿಲೀಂಧ್ರದ ತುರಿಕೆ ಬರುವ ಸಂಭವವಿದೆ. ಪ್ರತಿ ಸಲವೂ ನೀರಿನಿಂದ ತೊಳೆದುಕೊಂಡು ಒಣಗಿಸಿಕೊಳ್ಳುವುದು ಇಲ್ಲಿ ಚಿಕಿತ್ಸೆಯ ಭಾಗವೇ. ತುರಿಕೆ ಬಂದರೆ ನಾಚಿಕೆಯಿಂದ ಮುಚ್ಚಿಡದೆ ಹೇಳಿ ಎಂದು ತಾಯಿಗೆ ನನ್ನ ಪತ್ನಿಯ ಮೂಲಕ ತಿಳಿಸಿದೆ.

ಆರು ತಿಂಗಳ ನಂತರ ಅನುಪಾತ 38 ಬಂತು, ಇಜಿಎಫ್ಆರ್ 82. ಸೋರಿಕೆ ಇನ್ನೂ ಇದೆ, ಹೋಗಿಲ್ಲ. ಆದರೆ ಸೋಸುವ ಶಕ್ತಿ ನಿಂತ ಜಾಗದಲ್ಲೇ ಇದೆ ಎನ್ನಬಹುದು. ಟೈಪ್ 2 ಸಕ್ಕರೆ ಕಾಯಿಲೆಯವರು ಕಾಯಿಲೆ ಗೊತ್ತಾದ ವರ್ಷದಿಂದಲೇ, ಟೈಪ್ 1ರವರು ಐದು ವರ್ಷ ಕಳೆದ ಮೇಲೆ, ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನೂ ರಕ್ತದ ಕ್ರಿಯಾಟಿನಿನ್ನನ್ನೂ ಮಾಡಿಸಬೇಕು. ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ. ಸೋರಿಕೆ ಖಚಿತವಾದವರು ವರ್ಷಕ್ಕೆ ಎರಡು ಮೂರು ಸಲವಾದರೂ ಮಾಡಿಸಬೇಕಾಗುತ್ತದೆ. ತೀರಾ ಕೃಶವಾದ ವೃದ್ಧರಲ್ಲಿ ಸ್ನಾಯು ಕಡಿಮೆ, ಕ್ರಿಯಾಟಿನಿನ್ನೂ ಕಡಿಮೆ. ಹಾಗಾಗಿ ಅವರ ಅನುಪಾತ ಇರುವುದಕ್ಕಿಂತ ಹೆಚ್ಚು ಕಾಣಬಹುದು. 35, 40 ಬಂದ ಅಜ್ಜಿಯನ್ನು ಹೆದರಿಸುವ ಮೊದಲು ಇದನ್ನೂ ನೆನಪಿಡಿ.

ರಂಝಾನ್ ಬರುವ ಮುಂಚೆ ಈ ತಾಯಿ ಉಪವಾಸ ವ್ರತದ ಬಗ್ಗೆ ಕೇಳಿದರು. ಎರಡು ತಿಂಗಳು ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಫಿಸಿಶಿಯನ್ ಡಾಪಾಗ್ಲಿಫ್ಲೋಜಿನ್ನನ್ನು ಇಫ್ತಾರ್ ಸಮಯಕ್ಕೆ ಬದಲಿಸಿದರು. ಇಫ್ತಾರಿನಿಂದ ಸಹರಿಯವರೆಗೆ ಸಾಕಷ್ಟು ನೀರು ಕುಡಿಯಲು ಹೇಳಿದರು. ವಾಂತಿ ಭೇದಿಯಾದರೆ ಅಥವಾ ನೀರೂ ಕುಡಿಯಲಾಗದಷ್ಟು ಜ್ವರ ಬಂದರೆ ವ್ರತವನ್ನು ಬಿಟ್ಟು, ಚೇತರಿಸಿಕೊಳ್ಳುವವರೆಗೆ ಎರಡೂ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ತಕ್ಷಣ ಫೋನ್ ಮಾಡಬೇಕೆಂದೂ ಹೇಳಿಕೊಟ್ಟರು. ದೇಹದಲ್ಲಿ ನೀರು ಬತ್ತಿದಾಗ ಇದೇ ಮಾತ್ರೆಗಳು ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲವು. ಈ ಸಲ ಮದುವೆ ಮನೆಯ ಮಾತಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಕಾಗದದಲ್ಲಿ ಬರೆದು ಮಗನ ಕೈಗೆ ಕೊಟ್ಟೆ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರಂತೆ. ಮುಂದಿನ ಪರೀಕ್ಷೆಯನ್ನು ಈದ್ ಕಳೆದು ಎರಡು ವಾರಕ್ಕೆ ಇಟ್ಟುಕೊಂಡಿದ್ದೇವೆ.